ತೀರ್ಪು ಮೊದಲ ನಾಲ್ಕು ಪದಗಳಲ್ಲಿ ಬರಲಿ: ಮೊಬೈಲ್ ಓದುಗರಿಗಾಗಿ ವಿಮರ್ಶೆಯ ಶೀರ್ಷಿಕೆ

ಪ್ರಶ್ನೆ: ನಾನು ಉಪಕರಣಗಳ ವಿಮರ್ಶೆ ಬರೆಯುತ್ತೇನೆ. ಒಂದು ಹೆಡ್‌ಫೋನ್ ಬಗ್ಗೆ ಕೊಟ್ಟ ಶೀರ್ಷಿಕೆ ಹೀಗಿತ್ತು: "ಸುತ್ತಲಿನ ಸದ್ದು ತಡೆಯುವುದರಲ್ಲಿ ಅತ್ಯುತ್ತಮ ಎನ್ನಿಸಿಕೊಂಡ ಹೆಡ್‌ಫೋನ್ ದಿನವಿಡೀ ಧರಿಸಲು ಯೋಗ್ಯವಲ್ಲ." ಮೊದಲ ಸಾಲು: "ಇತ್ತೀಚಿನ ದಿನಗಳಲ್ಲಿ ಹೆಡ್‌ಫೋನ್ ಬಳಕೆ ಹೆಚ್ಚುತ್ತಿದೆ." ನೋಡಿದವರೆಲ್ಲ "ಹಾಗಾದರೆ ಕೊಳ್ಳಬಹುದು ತಾನೆ?" ಎಂದು ಕೇಳುತ್ತಾರೆ. ಏನು ತಿದ್ದಬೇಕು?

ಉಪಸಂಪಾದಕಿ: ಆ ಲೇಖನದ ಕೊಂಡಿಯನ್ನು ನಿಮಗೆ ನೀವೇ ಸಂದೇಶವಾಗಿ ಕಳುಹಿಸಿ ಫೋನಿನಲ್ಲಿ ನೋಡಿ. ಶೀರ್ಷಿಕೆ ಬಹುಶಃ "ಸುತ್ತಲಿನ ಸದ್ದು ತಡೆಯುವುದರಲ್ಲಿ ಅತ್ಯುತ್ತಮ…" ಎಂಬಲ್ಲಿಗೆ ತುಂಡಾಗಿರುತ್ತದೆ. ನೀವು ಬೇಡ ಎಂದಿರಿ, ಓದುಗರಿಗೆ ಬೇಕು ಎಂದು ಕೇಳಿಸಿತು.

ಕನ್ನಡದಲ್ಲಿ ಬರೆಯುವ ನಮಗೆ ಈ ತೊಂದರೆ ಹೆಚ್ಚು. ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, 'ಇಲ್ಲ', 'ಅಲ್ಲ'ಗಳು ಅದರ ಬಾಲದಲ್ಲಿರುತ್ತವೆ. ತೆರೆ ಮೊದಲು ಕತ್ತರಿಸುವುದು ಆ ಬಾಲವನ್ನೇ. ಹೊಗಳಿಕೆ ಉಳಿದು ನಿರಾಕರಣೆ ಬಿದ್ದುಹೋಗುತ್ತದೆ. ಇಷ್ಟು ಅಕ್ಷರಕ್ಕೆ ಕತ್ತರಿ ಬೀಳುತ್ತದೆ ಎಂದು ಲೆಕ್ಕ ಹೇಳಲಾಗದು. ಅದು ತೆರೆಯ ಅಗಲವನ್ನೂ ಅಕ್ಷರದ ಗಾತ್ರವನ್ನೂ ಅವಲಂಬಿಸಿದೆ. ಆದ್ದರಿಂದ ತೀರ್ಪನ್ನು ಕ್ರಿಯಾಪದದಲ್ಲಿ ಇಡಬೇಡಿ, ಮೊದಲಿಗೇ ಬರುವ ವಿಶೇಷಣದಲ್ಲಿ ಇಡಿ:

"ಕಿವಿ ನೋಯಿಸುವ ಹೆಡ್‌ಫೋನ್: ಸದ್ದು ತಡೆಯುವುದರಲ್ಲಿ ಮಾತ್ರ ಮುಂದು"

ಎಲ್ಲಿ ತುಂಡಾದರೂ ಅರ್ಥ ತಿರುಗುಮುರುಗಾಗುವುದಿಲ್ಲ. ಮಾದರಿಯ ಹೆಸರು ಚಿಕ್ಕದಿದ್ದರೆ ಅದನ್ನು ಮುಂದಿಟ್ಟು ಕೂಡಲೇ ತೀರ್ಪು ಬರೆಯಿರಿ. ಹೆಸರೇ ಅರ್ಧ ಸಾಲು ನುಂಗುವಂತಿದ್ದರೆ ಅದು ಮೊದಲ ಸಾಲಿಗೆ ಹೋಗಲಿ.

ಒಬ್ಬ ಓದುಗರು: ಇಷ್ಟೆಲ್ಲ ಏಕೆ? ಶೀರ್ಷಿಕೆಯ ಪಕ್ಕದಲ್ಲಿ ಐದಕ್ಕೆ ಮೂರು ನಕ್ಷತ್ರ ಹಾಕಿದರೆ ಸಾಕಲ್ಲವೇ?

ಉಪಸಂಪಾದಕಿ: ಸರ್, ಒಂದು ನಕ್ಷತ್ರಕ್ಕೂ ಐದು ನಕ್ಷತ್ರಕ್ಕೂ ನಿಮ್ಮ ಮಾತು ಸರಿ. ಮೂರರಲ್ಲೇ ಗೊಂದಲ. ಎಲ್ಲದರಲ್ಲೂ ಸಾಧಾರಣವಾದ ವಸ್ತುವಿಗೂ ಮೂರು, ಒಂದರಲ್ಲಿ ಅತ್ಯುತ್ತಮವಾಗಿ ಇನ್ನೊಂದರಲ್ಲಿ ಕೈಕೊಡುವ ವಸ್ತುವಿಗೂ ಮೂರು. ಈ ಹೆಡ್‌ಫೋನ್ ಎರಡನೆಯ ಬಗೆಯದು. ಯಾರು ಕೊಳ್ಳಬಹುದು, ಯಾರು ಬಿಡಬೇಕು ಎಂಬುದನ್ನು ಪದಗಳೇ ಹೇಳಬೇಕು. ಕೊಂಡಿ ಹಂಚಿದಾಗ ನಕ್ಷತ್ರಗಳು ಜೊತೆಗೆ ಬರುತ್ತವೆ ಎಂಬ ಖಾತರಿಯೂ ಇಲ್ಲ.

ಕೇಳಿದವರು: ಮೇಡಂ, ಮೊದಲ ಸಾಲನ್ನು ಹೀಗೆ ತಿದ್ದಿದ್ದೇನೆ: "ಈ ಹೆಡ್‌ಫೋನ್ ಕಿವಿಯನ್ನು ನೋಯಿಸುತ್ತದೆ, ಆದರೆ ಸದ್ದು ತಡೆಯುವುದರಲ್ಲಿ ಇದಕ್ಕೆ ಸಾಟಿಯಿಲ್ಲ."

ಉಪಸಂಪಾದಕಿ: ಪೀಠಿಕೆ ಹೋದದ್ದು ಒಳ್ಳೆಯದಾಯಿತು. 'ಆದರೆ'ಯನ್ನು ಮಾತ್ರ ಗಮನಿಸಿ. ಅದರ ಮುಂದಿನ ಮಾತೇ ಓದುಗರಿಗೆ ಅಂತಿಮ ಅಭಿಪ್ರಾಯವಾಗಿ ತೋರುತ್ತದೆ, ಹಿಂದಿನದು ಸಣ್ಣ ಕುಂದಾಗುತ್ತದೆ. ನಿಮ್ಮ ಸಾಲು ಈಗಲೂ ಕೊಳ್ಳಿ ಎನ್ನುತ್ತಿದೆ. ಎರಡು ಭಾಗಗಳನ್ನು ಅದಲುಬದಲು ಮಾಡಿದರೆ ತೀರ್ಪು ಸರಿಯಾಗುತ್ತದೆ, ಹೊಗಳಿಕೆ ಮಾತ್ರ ಮತ್ತೆ ಮುಂದೆ ಬಂದು ಕತ್ತರಿಯ ಅಪಾಯ ಉಳಿಯುತ್ತದೆ. ನಾನಾದರೆ 'ಆದರೆ'ಯನ್ನೇ ಬಿಟ್ಟು ಎರಡು ವಾಕ್ಯ ಮಾಡುತ್ತೇನೆ:

"ದಿನವಿಡೀ ಹೆಡ್‌ಫೋನ್ ಹಾಕಿಕೊಂಡು ಕೆಲಸ ಮಾಡುವವರು ಇದನ್ನು ಕೈಬಿಡಿ, ಎರಡನೆಯ ಗಂಟೆಗೇ ಕಿವಿಯ ಮೇಲ್ತುದಿ ನೋಯತೊಡಗುತ್ತದೆ. ಅರ್ಧ ಗಂಟೆಯ ಪ್ರಯಾಣದಲ್ಲಿ ಎಂಜಿನ್ ಸದ್ದು ಕೇಳದಿದ್ದರೆ ಸಾಕು ಎನ್ನುವವರು ಕೊಳ್ಳಬಹುದು."

ಎರಡನೆಯ ಗಂಟೆ ಎಂಬುದು ನನ್ನ ಊಹೆ, ನಿಮಗೆ ನೋವು ಶುರುವಾದ ಹೊತ್ತನ್ನೇ ಬರೆಯಿರಿ. ಶೀರ್ಷಿಕೆಯ ಪದಗಳನ್ನೇ ಇಲ್ಲಿ ಮತ್ತೆ ಹೇಳಬೇಡಿ. ಶೀರ್ಷಿಕೆ ತೀರ್ಪು ಕೊಟ್ಟಿದೆ, ಮೊದಲ ಸಾಲು ಯಾರಿಗೆ, ಏಕೆ ಎಂಬುದನ್ನು ಹೇಳಲಿ. ಲೇಖನವನ್ನು ಓದಿರದ ಯಾರಿಗಾದರೂ ಇವೆರಡನ್ನು ಎರಡು ಕ್ಷಣ ತೋರಿಸಿ ಫೋನ್ ಹಿಂದಕ್ಕೆ ತೆಗೆದುಕೊಳ್ಳಿ. "ಕೊಳ್ಳಬೇಕೋ ಬೇಡವೋ?" ಎಂದು ಕೇಳಿ. "ಹೆಡ್‌ಫೋನ್ ಬಗ್ಗೆ ಏನೋ ಇತ್ತು" ಎಂಬ ಉತ್ತರ ಬಂದರೆ ಇನ್ನೂ ತಿದ್ದಬೇಕು.

ರಂಗವಿಮರ್ಶಕರು: ನಾನು ನಾಟಕಗಳ ಬಗ್ಗೆ ಬರೆಯುವವನು. ಮೊದಲೇ ತೀರ್ಪು ಕೊಟ್ಟರೆ ಮುಂದೆ ಓದುವವರು ಯಾರು? ಕೊನೆಯ ಪ್ಯಾರಾದವರೆಗೂ ಕುತೂಹಲ ಉಳಿಸುವುದೇ ನನ್ನ ಪದ್ಧತಿ.

ಉಪಸಂಪಾದಕಿ: ಕಥೆಯ ತಿರುವನ್ನು ಬಚ್ಚಿಡಿ, ನಿಮ್ಮ ಅಭಿಪ್ರಾಯವನ್ನು ಬಚ್ಚಿಡಬೇಡಿ. "ನಟನೆ ಗೆದ್ದಿದೆ, ದ್ವಿತೀಯಾರ್ಧ ಜಾಳು" ಎಂದರೆ ಕಥೆ ಬಯಲಾಗುವುದಿಲ್ಲ. ಏಕೆ ಜಾಳು ಎಂದು ತಿಳಿಯಲೇ ಜನ ಒಳಗೆ ಬರುತ್ತಾರೆ.

ರಂಗವಿಮರ್ಶಕರು: ಒಪ್ಪುವುದು ಕಷ್ಟ. ನಾಟಕ ನನ್ನನ್ನು ಎರಡು ಮನಸ್ಸಿನಲ್ಲಿ ಬಿಟ್ಟಾಗ ನಾಲ್ಕು ಪದಗಳ ತೀರ್ಪು ಸುಳ್ಳಾಗುತ್ತದೆ.

ಉಪಸಂಪಾದಕಿ: ಆಗ ಆ ಎರಡು ಮನಸ್ಸನ್ನೇ ಶೀರ್ಷಿಕೆ ಮಾಡಿ ಎನ್ನುತ್ತೇನೆ. ಅದು ಪ್ರತಿ ನಾಟಕಕ್ಕೂ ಒಗ್ಗುತ್ತದೆ ಎಂದು ವಾದಿಸಲಾರೆ. ಕೊಳ್ಳುವ ವಸ್ತುವಿನ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ.