ಲೈಸೆನ್ಸಿಗಾಗಿ ಸುರಿದ ಹಣ ಎಲ್ಲಿ ಹೋಯಿತು?

ಕೇಳಿದವರು: ಬಿಎ ಮಕ್ಕಳಿಗೆ ಏಕಸ್ವಾಮ್ಯದ ಪಾಠ ಇದೆ. ಬೇಡಿಕೆಯ ಚಿತ್ರದಲ್ಲಿ, ಮಾರಾಟ ಕಡಿಮೆಯಾದದ್ದರಿಂದ ಕೈತಪ್ಪಿದ ಪ್ರಯೋಜನದ ತ್ರಿಕೋನ ಮಾತ್ರ ನಷ್ಟ, ಪಕ್ಕದ ಲಾಭದ ಆಯತ ಬರೀ ಕೈ ಬದಲಾದ ಹಣ ಅಂತ ಪುಸ್ತಕದಲ್ಲಿದೆ. ಆಯತವೂ ನಷ್ಟವೇ ಅನ್ನುವವರಿದ್ದಾರೆ. ನೀವು ಹೇಗೆ ಹೇಳಿಕೊಟ್ಟಿದ್ದೀರಿ?

ಹಿರಿಯ ಉಪನ್ಯಾಸಕಿ: ನಾನು ನಮ್ಮದೇ ಆಮದು ಪರವಾನಗಿಯಿಂದ ಶುರು ಮಾಡುತ್ತೇನೆ. 1960ರ ದಶಕದಲ್ಲಿ ಹೊರಗಿನ ಕಚ್ಚಾ ಮಾಲು ತರಿಸಲು ಪರವಾನಗಿ ಬೇಕಿತ್ತು. ಎಷ್ಟೋ ಕಡೆ ಅದನ್ನು ಕಾರ್ಖಾನೆಯ ಸಾಮರ್ಥ್ಯ ನೋಡಿ ಹಂಚುತ್ತಿದ್ದರು. ಪರವಾನಗಿ ಸಿಕ್ಕರೆ ಲಾಭ ಖಚಿತ. ಹಾಗಾಗಿ ಇರುವ ಯಂತ್ರಗಳೇ ಸುಮ್ನೆ ನಿಂತಿದ್ದರೂ ಮಾಲೀಕರು ಇನ್ನೊಂದು ಶೆಡ್ ಕಟ್ಟಿಸಿ, ಇನ್ನಷ್ಟು ಯಂತ್ರ ಕೂರಿಸುತ್ತಿದ್ದರು. ಆ ಸಿಮೆಂಟು, ಉಕ್ಕು, ಕೂಲಿ ಯಾರ ಜೇಬಿಗೂ ಲಾಭವಾಗಿ ಹೋಗಲಿಲ್ಲ, ಕರಗಿಹೋಯಿತು. ಅರ್ಥಶಾಸ್ತ್ರಜ್ಞೆ ಆನ್ ಕ್ರೂಗರ್ 1974ರಲ್ಲಿ ಬರೆದದ್ದು ಇದನ್ನೇ. ಇನ್ನೊಬ್ಬ ಅರ್ಥಶಾಸ್ತ್ರಜ್ಞ ಗಾರ್ಡನ್ ಟಲ್ಲಕ್ 1967ರಲ್ಲೇ ಈ ಮಾತು ಎತ್ತಿದ್ದರು. 1964ರ ಭಾರತದಲ್ಲಿ ಇಂಥ ನಿಯಂತ್ರಣಗಳಿಂದ ಹುಟ್ಟಿದ ಲಾಭ ರಾಷ್ಟ್ರೀಯ ಆದಾಯದ ಸುಮಾರು ಶೇ. 7.3 ಅಂತ ಕ್ರೂಗರ್ ಅಂದಾಜು. ನೆನಪಿಡಿ, ಅದು ಬಹುಮಾನದ ಗಾತ್ರ. ಅಷ್ಟೂ ಹಾಳಾಯಿತು ಅಂತಲ್ಲ.

ಬೋರ್ಡಿನ ಮೇಲೆ ಈ ಲೆಕ್ಕ ಹಾಕಿ: ಬೇಡಿಕೆ P = 100 − Q, ತಯಾರಿಕೆ ವೆಚ್ಚ ಒಂದಕ್ಕೆ 20. ಪೈಪೋಟಿ ಇದ್ದರೆ 80 ಮಾರಾಟ. ಒಬ್ಬನೇ ಆದರೆ 40, ಬೆಲೆ 60. ತ್ರಿಕೋನ 800, ಲಾಭ 1600. ಆ 1600ಕ್ಕಾಗಿ ಎಲ್ಲರೂ ಸೇರಿ 1600 ಸುರಿದರೆ ನಷ್ಟ 2400. ತ್ರಿಕೋನದ ಮೂರು ಪಟ್ಟು!

ಒಬ್ಬ ವಿದ್ಯಾರ್ಥಿ: ಅಂದರೆ ಕೊಟ್ಟ ಲಂಚವೆಲ್ಲ ನಷ್ಟ, ಅಲ್ವಾ?

ಹಿರಿಯ ಉಪನ್ಯಾಸಕಿ: ಲಂಚದ ನೋಟು ಅಧಿಕಾರಿಯ ಜೇಬಿನಲ್ಲಿ ಇದ್ದೇ ಇರುತ್ತದೆ. ಅನ್ಯಾಯ ಹೌದು, ಆದರೆ ಆ ಹಣ ನಾಶವಾಗಿಲ್ಲ. ಅದಕ್ಕಾಗಿ ದೆಹಲಿಯಲ್ಲಿ ಕೂರಿಸಿದ ಏಜೆಂಟನ ದುಡಿಮೆ, ಓಡಾಟ, ವಕೀಲರ ಸಮಯ ಇವು ನಷ್ಟ. ಲಂಚ ಸಿಗುವ ಕುರ್ಚಿಗಾಗಿಯೇ ಜನ ವರ್ಷಗಟ್ಟಲೆ ಹೆಣಗಿದರೆ ಆ ಹೆಣಗಾಟವೂ ಲೆಕ್ಕಕ್ಕೆ ಬರುತ್ತದೆ.

ಅಂಗಡಿ ನಡೆಸುವವರು: ನಾನು ಬಸ್ ನಿಲ್ದಾಣದ ಮಳಿಗೆಯನ್ನು ಹರಾಜಿನಲ್ಲಿ ಹಿಡಿದೆ. ಪೈಪೋಟಿ ಏರಿ, ಅಂದುಕೊಂಡ ಲಾಭವೆಲ್ಲ ಬಾಡಿಗೆಗೇ ಹೋಯಿತು. ನನ್ನದೂ ಇದೇ ಕಥೆ ತಾನೇ?

ಹಿರಿಯ ಉಪನ್ಯಾಸಕಿ: ನಿಮಗೆ ಕಷ್ಟವಾಗಿದೆ, ಆದರೆ ಇದು ಬೇರೆ. ನಿಮ್ಮ ಹಣ ಖಜಾನೆಗೆ ಹೋಯಿತು, ಊರಿನ ಕೆಲಸಕ್ಕೆ ಬಳಸಬಹುದು. ಸೋತವರು ತಮ್ಮ ಠೇವಣಿ ವಾಪಸ್ ಪಡೆದರು. ಶಿಫಾರಸಿನ ಓಟದಲ್ಲಿ ಸೋತವರ ಖರ್ಚು ವಾಪಸ್ ಬರುವುದಿಲ್ಲ. ಹರಾಜೇ ಒಳ್ಳೆಯದು ಅಂತ ನಾನು ಹೇಳುವುದು ಅದಕ್ಕೇ.

ಸಂಶೋಧನೆ ಮಾಡುವವರು: ಇಡೀ 1600 ಕರಗುತ್ತದೆ ಅಂತ ಮಕ್ಕಳಿಗೆ ಹೇಳಬೇಡಿ ಮೇಡಂ. ಖರ್ಚು ಹೆಚ್ಚಿದಷ್ಟೂ ಗೆಲ್ಲುವ ಅವಕಾಶ ಹೆಚ್ಚುವ ಸರಳ ಮಾದರಿಯಲ್ಲಿ, ಸಮಬಲದ ಇಬ್ಬರೇ ಇದ್ದರೆ ಒಟ್ಟು ಖರ್ಚು 800. ನಾಲ್ವರಿದ್ದರೆ 1200. ಮಂತ್ರಿಯ ಮನೆಯವನಿಗೇ ಸಿಗುತ್ತದೆ ಅಂತ ಮೊದಲೇ ಗೊತ್ತಿದ್ದರೆ ಉಳಿದವರು ಖರ್ಚೇ ಮಾಡುವುದಿಲ್ಲ.

ಕೇಳಿದವರು: ಹಾಗಾದರೆ ಪಕ್ಷಪಾತ ಜಾಸ್ತಿ ಇದ್ದಷ್ಟೂ ನಷ್ಟ ಕಡಿಮೆಯಾ? ಇದನ್ನು ತರಗತಿಯಲ್ಲಿ ಹೇಗೆ ಹೇಳುವುದು?

ಸಂಶೋಧನೆ ಮಾಡುವವರು: ಆ ಓಟದ ಮಟ್ಟಿಗೆ ಹೌದು. ಆದರೆ ಮಂತ್ರಿಯ ಮನೆಯವನಾಗಲು ಎಷ್ಟು ಖರ್ಚಾಯಿತು ಅನ್ನುವುದನ್ನು ಯಾವ ವರ್ಷದ ಲೆಕ್ಕಕ್ಕೆ ಸೇರಿಸುವುದು ಅಂತ ನಮ್ಮಲ್ಲೇ ಒಮ್ಮತ ಇಲ್ಲ.