ಸಹಾಯ ಬೇಕು: ಮಗನ ಪ್ರಗತಿ ಪತ್ರ ಇಂಗ್ಲಿಷಿಗೆ

ಎಲ್ಲರಿಗೂ ನಮಸ್ಕಾರ. ನಾವು ಉಡುಪಿಯವರು. ಯಜಮಾನರಿಗೆ ಪುಣೆಗೆ ವರ್ಗವಾಗಿದೆ. ಮಗ ಇಲ್ಲಿ ಕನ್ನಡ ಮಾಧ್ಯಮದಲ್ಲಿ ಆರನೇ ತರಗತಿ ಮುಗಿಸಿದ್ದಾನೆ. ಅಲ್ಲಿನ ಶಾಲೆಯವರು ಪ್ರಗತಿ ಪತ್ರದ ಇಂಗ್ಲಿಷ್ ಅನುವಾದ ಕೇಳಿದ್ದಾರೆ.

ಹೆಚ್ಚಿನದನ್ನು ನಾನೇ ಮಾಡಿದೆ. ರೂಪಣಾತ್ಮಕಕ್ಕೆ ಫಾರ್ಮೇಟಿವ್, ಸಂಕಲನಾತ್ಮಕಕ್ಕೆ ಸಮೇಟಿವ್ ಅಂತ ಹಾಕಿದ್ದೇನೆ. ತಲೆಬಿಸಿ ಶ್ರೇಣಿಯದ್ದು. ಗಣಿತದಲ್ಲಿ ಅವನಿಗೆ 64, ಅಂದರೆ ಬಿ+. ನಮ್ಮಲ್ಲಿ 90ರಿಂದ ಎ+, 70ರಿಂದ ಎ, 50ರಿಂದ ಬಿ+, 30ರಿಂದ ಬಿ, ಅದಕ್ಕಿಂತ ಕೆಳಗೆ ಸಿ. ಬರೀ ಬಿ+ ಅಂತ ಬರೆದರೆ ಅಲ್ಲಿಯವರು ಅವರ ಲೆಕ್ಕದಲ್ಲೇ ಓದಿಕೊಳ್ಳುತ್ತಾರೆ. ಹಾಗಂತ ನಾನೇ ಅವರ ಶ್ರೇಣಿಗೆ ಬದಲಾಯಿಸಿದರೆ ಅದು ಅನುವಾದವಲ್ಲ, ತಿದ್ದಿದ ಹಾಗೆ. ಶ್ರೇಣಿ ಇದ್ದ ಹಾಗೇ ಬಿಟ್ಟು, ಕೆಳಗೆ ಈ ಕೋಷ್ಟಕ ಕೊಟ್ಟರೆ ಸಾಕಲ್ವಾ?

ಇನ್ನೊಂದು, ಟೀಚರ್ ಷರಾ: "ಚುರುಕು ಹುಡುಗ, ಸ್ವಲ್ಪ ತುಂಟ. ಅಕ್ಷರ ದುಂಡಗಾಗಬೇಕು." ತುಂಟ ಅನ್ನುವುದಕ್ಕೆ ನಾಟಿ ಅಂದರೆ ದೂರು ಹೇಳಿದ ಹಾಗಾಗುತ್ತದೆ. ಟೀಚರ್ ಪ್ರೀತಿಯಿಂದಲೇ ಬರೆದದ್ದು! ಪ್ಲೇಫುಲ್ ಸರಿಯಾದೀತೇ? ದುಂಡಗೆ ಅನ್ನುವುದನ್ನು ರೌಂಡ್ ಅನ್ನದೆ ನೀಟ್ ಅಂತ ಬರೆದಿದ್ದೇನೆ.

ಮುಖ್ಯೋಪಾಧ್ಯಾಯರ ಸಹಿ, ಮೊಹರು ಸಾಕಾ, ನೋಟರಿಯೂ ಬೇಕಾ? ಬೇರೆ ರಾಜ್ಯಕ್ಕೆ ಮಕ್ಕಳನ್ನು ಸೇರಿಸಿದವರು ದಯವಿಟ್ಟು ತಿಳಿಸಿ. ಸೋಮವಾರದೊಳಗೆ ಕಳಿಸಬೇಕು.