ಸಹಾಯ ಬೇಕು: ಎರಡು ಕೇಸಿನ ಶಿಕ್ಷೆ, ಲೆಕ್ಕ ಹೇಗೆ?

ನಮಸ್ಕಾರ. ನಮ್ಮ ಸೋದರಮಾವನ ಮೇಲೆ ಬೆಂಗಳೂರಿನಲ್ಲಿ ಎರಡು ಬೈಕ್ ಕಳವು ಕೇಸುಗಳಿದ್ದವು. ಎರಡರಲ್ಲೂ ಬಂಧನ ಒಂದೇ ದಿನ ಆಗಿ, 14 ತಿಂಗಳು ವಿಚಾರಣಾಧೀನ ಕೈದಿಯಾಗಿ ಪರಪ್ಪನ ಅಗ್ರಹಾರದಲ್ಲಿದ್ದರು. ಮೊದಲ ಕೇಸಿನಲ್ಲಿ 2 ವರ್ಷ ಶಿಕ್ಷೆಯಾಯಿತು. ಮರುದಿನವೇ ಇನ್ನೊಂದು ಕೋರ್ಟ್ 3 ವರ್ಷ ಕೊಟ್ಟಿತು. ಎರಡೂ ಜೊತೆಯಲ್ಲೇ ನಡೆಯಲಿ ಅನ್ನುವ ಸಾಲು ಆ ತೀರ್ಪಿನಲ್ಲಿಲ್ಲ.

ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾನೂನಾದ ಬಿಎನ್‌ಎಸ್‌ಎಸ್‌ನ ಸೆಕ್ಷನ್ 467ರ ಪ್ರಕಾರ, ಕೋರ್ಟ್ ಹೇಳದಿದ್ದರೆ ಒಂದು ಮುಗಿದ ಮೇಲೆ ಇನ್ನೊಂದು ಶುರು, ಅಲ್ವಾ? ಹಾಗಾದರೆ 60 ತಿಂಗಳಲ್ಲಿ 14 ಕಳೆದು 46 ಉಳಿಯುತ್ತದೆ. ಜೊತೆಯಲ್ಲಿ ನಡೆದರೆ 36ರಲ್ಲಿ 14 ಹೋಗಿ ಬರೀ 22. ಎರಡು ವರ್ಷ ವ್ಯತ್ಯಾಸ!

ವಿಚಾರಣಾಧೀನ ಕೈದಿಯಾಗಿದ್ದ ಒಂದೇ ಅವಧಿಯನ್ನು ಎರಡೂ ಕೇಸಿನ ಶಿಕ್ಷೆಯಿಂದ ಕಳೆಯಬಹುದು ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿದೆ. ಒಂದರ ಹಿಂದೆ ಒಂದು ನಡೆಯುವ ಶಿಕ್ಷೆಗೂ ಅದು ಸಿಗುತ್ತಾ? ಜೊತೆಯಲ್ಲಿ ನಡೆಸಲು ಮೇಲ್ಮನವಿಯಲ್ಲೇ ಕೇಳಬೇಕಾ, ನೇರವಾಗಿ ಹೈಕೋರ್ಟಿಗೆ ಹೋಗಬಹುದಾ? ದಂಡ ಕಟ್ಟಿದ್ದೇವೆ, ಆ ಚಿಂತೆ ಇಲ್ಲ. ಕ್ರಿಮಿನಲ್ ವಕೀಲರು ಇದ್ದರೆ ದಯವಿಟ್ಟು ತಿಳಿಸಿ.